ಲಾಗಿನ್ ಸಮಸ್ಯೆಗೆ ಹೆಲ್ಪ್‌ಡೆಸ್ಕ್‌ಗೆ ಮೇಲ್ ಬರೆಯೋದು ಹೇಗೆ?

"ಲಾಗಿನ್ ಆಗ್ತಿಲ್ಲ, ಸರಿಮಾಡಿ" ಅಂತಷ್ಟೇ ಎರಡು ಸಲ ಬರೆದೆ. ಎರಡೂ ಸಲ ಬಂದಿದ್ದು ಮರುಪ್ರಶ್ನೆಗಳೇ. ಮೂರನೇ ಸಲ ಹೀಗೆ ಬರೆದೆ:

"ಸೋಮವಾರ ಬೆಳಿಗ್ಗೆ 9:05ಕ್ಕೆ, ಮಂಗಳವಾರ 9:10ಕ್ಕೆ ಪಾಸ್‌ವರ್ಡ್ ಸರಿಯಾಗಿಯೇ ಹೋಯಿತು. ಆಥೆಂಟಿಕೇಟರ್ ಆ್ಯಪ್‌ನ ಆರಂಕಿ ಕೋಡ್ ಹಾಕಿದ ಕೂಡಲೇ Invalid verification code ಎಂದು ಬಂತು. ಬೇರೆ ಬ್ರೌಸರ್‌ನಲ್ಲೂ ಮೊಬೈಲ್ ಡೇಟಾದಲ್ಲೂ ಅದೇ ಸಂದೇಶ. ಪಾಸ್‌ವರ್ಡ್ ರೀಸೆಟ್ ಮಾಡಿದರೂ ಸಮಸ್ಯೆ ಹೋಗಲಿಲ್ಲ."

ಅದೇ ದಿನ ಉತ್ತರ ಬಂತು: "ಫೋನಿನ ಗಡಿಯಾರ ನೋಡಿ." ಎರಡು ನಿಮಿಷ ಹಿಂದಿತ್ತು! ಈ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತೆ, ಅದನ್ನು ಲೆಕ್ಕ ಹಾಕೋದೇ ಫೋನಿನ ಸಮಯದಿಂದ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿದೆ, ಲಾಗಿನ್ ಆಯಿತು.

ಪಾಸ್‌ವರ್ಡ್ ದಾಟಿ ಕೋಡ್‌ನಲ್ಲಿ ನಿಂತಿದೆ ಅನ್ನೋ ಒಂದು ಸಾಲೇ ಅವರಿಗೆ ದಾರಿ ತೋರಿಸಿದ್ದು. ಹಾಗಾಗಿ ಎರರ್ ಸಂದೇಶವನ್ನು ಅನುವಾದಿಸದೆ, ಅಕ್ಷರ ಬಿಡದೆ ಕಾಪಿ ಮಾಡಿ ಹಾಕಿ. ಸಮಯ ಕೊಟ್ಟರೆ ಅವರು ಸರ್ವರ್ ಲಾಗ್‌ನಲ್ಲಿ ನಿಮ್ಮ ಪ್ರಯತ್ನವನ್ನು ಹುಡುಕಬಹುದು. ಹೆಲ್ಪ್‌ಡೆಸ್ಕ್ ಬೇರೆ ದೇಶದಲ್ಲಿದ್ದರೆ ಟೈಮ್‌ಝೋನ್ ಕೂಡ ಬರೆಯಿರಿ. ಮಾಡಿ ನೋಡಿದ ಪ್ರತಿಯೊಂದರ ಪಕ್ಕ ಏನಾಯಿತು ಅಂತಲೂ ಇರಲಿ. ಪಾಸ್‌ವರ್ಡ್ ಅಥವಾ ಆಥೆಂಟಿಕೇಟರ್ ಆ್ಯಪ್‌ನ ಸೆಟಪ್ ಕ್ಯೂಆರ್ ಕೋಡ್ ಮಾತ್ರ ಸ್ಕ್ರೀನ್‌ಶಾಟ್‌ನಲ್ಲೂ ಕಾಣಿಸಬಾರದು.