ಇನ್‌ಕ್ರಿಮೆಂಟ್ ಲೆಕ್ಕವನ್ನು ಸಭೆಯಲ್ಲಿ ಬಿಡಿಸಿ ಹೇಳುವುದು ಹೇಗೆ?

ಅಪ್ರೈಸಲ್ ಬಗ್ಗೆ ಎಚ್‌ಆರ್ ಮುಖ್ಯಸ್ಥರು ಮಾಡುವ ಭಾಷಣ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ವೇಳಾಪಟ್ಟಿಗೆ ಅರ್ಧ ಗಂಟೆ ಕೊಟ್ಟು, ಸಂಬಳದ ಮಾತನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಕೂತವರು ಬಂದಿರುವುದೇ ಆ ಎರಡು ವಾಕ್ಯಕ್ಕಾಗಿ.

ಮೊದಲು ದಿನಾಂಕಗಳು. ಸ್ವಮೌಲ್ಯಮಾಪನ, ಮ್ಯಾನೇಜರ್ ರೇಟಿಂಗ್, ಕ್ಯಾಲಿಬ್ರೇಷನ್, ಹೆಚ್ಚಳದ ಪತ್ರ: ಎಲ್ಲ ಒಂದೇ ಸ್ಲೈಡಿನಲ್ಲಿ ಸಾಕು. ರೆಡಿಮೇಡ್ ಟೆಂಪ್ಲೇಟಿನ ಬಾಣ-ಚಕ್ರಗಳ ಚಿತ್ರ ದಯವಿಟ್ಟು ಬೇಡ. ಅದನ್ನು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ.

ಕ್ಯಾಲಿಬ್ರೇಷನ್ ಎಂದರೇನು ಎಂಬುದನ್ನು ಮಾತ್ರ ಮುಚ್ಚಿಡಬೇಡಿ. ಮ್ಯಾನೇಜರುಗಳೆಲ್ಲ ಒಟ್ಟಿಗೆ ಕೂತು ರೇಟಿಂಗ್‌ಗಳನ್ನು ಹೋಲಿಸುತ್ತಾರೆ, ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ ಆಗದಿರಲಿ ಎಂದು. ಅಲ್ಲಿ ರೇಟಿಂಗ್ ಇಳಿಯಲೂಬಹುದು ಎಂದು ನೇರವಾಗಿ ಹೇಳಿ. ಅದು ಮುಗಿಯುವ ಮೊದಲೇ ಮ್ಯಾನೇಜರ್ 'ನಿನಗೆ 4 ಕೊಟ್ಟಿದ್ದೀನಿ' ಎಂದು ಬಾಯಿಬಿಟ್ಟರೆ ಆಮೇಲೆ ರಂಪ.

ಈಗ ಕಷ್ಟದ ಘಟ್ಟ. 'ಇಬ್ಬರಿಗೂ ಒಂದೇ ರೇಟಿಂಗ್, ಅವರಿಗೆ ಮಾತ್ರ ಯಾಕೆ ಜಾಸ್ತಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ಬರುವ ಮೊದಲೇ ಬೋರ್ಡಿನ ಮೇಲೆ ಲೆಕ್ಕ ಬರೆಯಿರಿ. ಒಂದು ಹುದ್ದೆಯ ಸಂಬಳ ಶ್ರೇಣಿಯ ನಡುಬಿಂದು 50,000 ಎನ್ನಿ. ಒಬ್ಬರ ಸಂಬಳ 40,000, ಅಂದರೆ ನಡುಬಿಂದುವಿನ ಶೇ 80. ಇನ್ನೊಬ್ಬರದು 57,500, ಶೇ 115. ಇಬ್ಬರಿಗೂ ರೇಟಿಂಗ್ 4. ರೇಟಿಂಗ್ ಮತ್ತು ಶ್ರೇಣಿಯಲ್ಲಿನ ಸ್ಥಾನ ಎರಡನ್ನೂ ನೋಡಿ ಹೆಚ್ಚಳ ಹೇಳುವ ಪಟ್ಟಿಯ ಪ್ರಕಾರ ಕೆಳಗಿರುವವರಿಗೆ ಶೇ 11, ಮೇಲಿರುವವರಿಗೆ ಶೇ 6 ಎಂದಿಟ್ಟುಕೊಳ್ಳಿ. ಮೊದಲನೆಯವರು 44,400ಕ್ಕೆ ಏರುತ್ತಾರೆ, ಎರಡನೆಯವರು 60,950ಕ್ಕೆ. ಶ್ರೇಣಿಯಲ್ಲಿ ಹಿಂದೆ ಬಿದ್ದವರನ್ನು ಬೇಗ ನಡುಬಿಂದುವಿನ ಹತ್ತಿರ ತರುವುದು ಇದರ ಉದ್ದೇಶ. ಹೆಚ್ಚಳ ಕಡಿಮೆಯಾಯಿತೆಂದರೆ ಕೆಲಸ ಕಳಪೆ ಎಂದಲ್ಲ ಎನ್ನುವುದು ಎರಡನೆಯವರಿಗೆ ಆಗ ತಾನಾಗಿ ಹೊಳೆಯುತ್ತದೆ.

ಇದರ ಬೆನ್ನಿಗೇ ಬಜೆಟ್ಟಿನ ಮಾತು. ಒಟ್ಟು ಸಂಬಳದ ಶೇ 8 ಮಾತ್ರ ಹೆಚ್ಚಳಕ್ಕೆ ಮೀಸಲು ಎಂದಾದರೆ ಪಟ್ಟಿಯ ಎಲ್ಲ ಮನೆಗಳ ಹೆಚ್ಚಳವೂ ಒಟ್ಟು ಸೇರಿ ಆ ಮೊತ್ತದೊಳಗೆ ಕೂರಬೇಕು. ಬಹಳ ಮಂದಿಗೆ ರೇಟಿಂಗ್ 5 ಸಿಕ್ಕ ವರ್ಷ 5ಕ್ಕೆ ಸಿಗುವ ಹೆಚ್ಚಳವೇ ತಗ್ಗುತ್ತದೆ. 'ಮಾರುಕಟ್ಟೆ ದರ ನೋಡಿ ಕೊಡುತ್ತೇವೆ' ಎಂಬ ಹಾರಿಕೆಯ ಮಾತು ಬೇಡವೇ ಬೇಡ. ಮಾರುಕಟ್ಟೆಯ ಸಮೀಕ್ಷೆ ನೋಡುವುದು ನಡುಬಿಂದುವನ್ನು ನಿಗದಿ ಮಾಡುವಾಗ, ಒಬ್ಬೊಬ್ಬರ ಹೆಚ್ಚಳಕ್ಕಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಯಾರ ಸ್ವಂತ ಅಂಕಿಯನ್ನೂ ಸಭೆಯಲ್ಲಿ ಎತ್ತಬೇಡಿ, ಬೇರೆ ಸಮಯ ಕೊಡಿ. ವರ್ಷದ ನಡುವೆ ಸೇರಿದವರಿಗೆ ತಿಂಗಳ ಲೆಕ್ಕದಲ್ಲಿ ಹೆಚ್ಚಳವೋ, ಮುಂದಿನ ಸುತ್ತಿಗೋ ಎಂಬುದನ್ನು ಸ್ಪಷ್ಟಪಡಿಸಿ. ಪತ್ರ ತಡವಾದರೆ ಹೆಚ್ಚಳ ಯಾವ ದಿನಾಂಕದಿಂದ ಅನ್ವಯ, ಬಾಕಿ ಹಣ ಯಾವ ತಿಂಗಳ ಸಂಬಳದೊಂದಿಗೆ ಬರುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆದೇ ಕೆಳಗಿಳಿಯಿರಿ.