ಮುಖ್ಯವಾದ ಇಮೇಲ್: ಸೆಂಡ್ ಒತ್ತುವ ಮುಂಚೆ ಏನೇನು ನೋಡಬೇಕು?

ಗ್ರಾಹಕರಿಗೆ ದರಪಟ್ಟಿ ಕಳಿಸುವ ಇಮೇಲ್ ಒಂದನ್ನೇ ತೆಗೆದುಕೊಳ್ಳೋಣ. ಬರೆದಾಯ್ತು, ಫೈಲ್ ಸೇರಿಸಿದ್ದೂ ಆಯ್ತು. ಈಗ ಮೊದಲ ಕೆಲಸ, To ಮತ್ತು Cc ಜಾಗದಲ್ಲಿರುವ ವಿಳಾಸಗಳನ್ನು ಬೇರೆಡೆ ಕಾಪಿ ಮಾಡಿಟ್ಟು ಇಲ್ಲಿಂದ ಅಳಿಸಿಬಿಡಿ. ಕೈತಪ್ಪಿ ಸೆಂಡ್ ಒತ್ತಿದರೂ ಹೋಗುವುದಿಲ್ಲ, ಆರಾಮಾಗಿ ಓದಬಹುದು.

ಜಾಸ್ತಿ ಹೊತ್ತು ಬೇಕಾಗುವುದು ಅಂಕಿಗಳಿಗೆ. ಸ್ಪೆಲ್‌ಚೆಕ್ ಇವನ್ನು ಹಿಡಿಯುವುದಿಲ್ಲ. 12 ಯಂತ್ರ, ಒಂದಕ್ಕೆ 38,500 ಅಂದರೆ ಒಟ್ಟು 4,62,000. ಇಮೇಲ್‌ನಲ್ಲಿ 4,26,000 ಅಂತ ಇದ್ದರೆ ಸುಮ್ನೆ ಓದುವಾಗ ಕಣ್ಣಿಗೆ ಬೀಳುವುದೇ ಇಲ್ಲ, ಹಾಗಾಗಿ ಓದಬೇಡಿ, ಕ್ಯಾಲ್ಕುಲೇಟರ್‌ನಲ್ಲಿ ಮತ್ತೆ ಗುಣಿಸಿ. ಎರಡು ಮೊತ್ತಗಳ ವ್ಯತ್ಯಾಸ 36,000, ಅದು 9ರಿಂದ ಪೂರ್ತಿ ಭಾಗವಾಗುತ್ತದೆ. ವ್ಯತ್ಯಾಸ ಹೀಗೆ ಬಂದರೆ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದೇ ಅಂತ ಮೊದಲು ನೋಡಿ, ಲೆಕ್ಕ ಬರೆಯುವವರು ಮಾಡುವುದೂ ಇದನ್ನೇ. ತಾರೀಖಿನ ಜೊತೆ ವಾರ ಬರೆದಿದ್ದರೆ ಕ್ಯಾಲೆಂಡರ್ ತೆಗೆದು ಎರಡೂ ಹೊಂದುತ್ತವೆಯೇ ನೋಡಿ.

ಇನ್ನು ಅಟ್ಯಾಚ್‌ಮೆಂಟ್. ಇದನ್ನು ಫೋಲ್ಡರ್‌ನಿಂದ ಅಲ್ಲ, ಇಮೇಲ್ ಒಳಗಿನಿಂದಲೇ ತೆರೆಯಿರಿ. ಸೇರಿಸಿದ ಮೇಲೆ ಮೂಲ ಫೈಲನ್ನು ತಿದ್ದಿದ್ದರೆ, ಇಮೇಲ್‌ಗೆ ಅಂಟಿಕೊಂಡಿರುವುದು ಹಳೆಯ ಪ್ರತಿಯೇ. ಎಕ್ಸೆಲ್ ಆದರೆ ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ: Unhide ಒತ್ತಲು ಬಂದರೆ ಒಳಗೊಂದು ಶೀಟ್ ಅಡಗಿದೆ ಅಂತ ಅರ್ಥ, ನಿಮ್ಮ ಖರೀದಿ ಬೆಲೆ ಅಲ್ಲೇ ಇರಬಹುದು ಅಲ್ವಾ? ಗ್ರಾಹಕರು ಅದನ್ನು ತಿದ್ದಬೇಕಾಗಿಲ್ಲ ಅಂದರೆ ಪಿಡಿಎಫ್ ಮಾಡಿಯೇ ಕಳಿಸಿ.

ಹೆಸರನ್ನು ನೆನಪಿನಿಂದ ಟೈಪ್ ಮಾಡಬೇಡಿ. ಒಬ್ಬರು Srinivas ಅಂತ ಬರೆದರೆ ಇನ್ನೊಬ್ಬರು Sreenivas ಅಂತ ಬರೆಯುತ್ತಾರೆ. ಅವರ ಇಮೇಲ್‌ನ ಕೊನೆಯಲ್ಲಿರುವ ಸಹಿಯಿಂದ ಕಾಪಿ ಮಾಡಿ. ಹಳೆಯ ದರಪಟ್ಟಿಯನ್ನೇ ತಿದ್ದಿ ಬಳಸಿದ್ದರೆ, ಹಿಂದಿನ ಗ್ರಾಹಕರ ಹೆಸರನ್ನು ಫೈಲ್‌ನಲ್ಲಿ ಹುಡುಕಿ. ಫೈಲ್‌ನ ಹೆಸರಿನಲ್ಲೂ ಉಳಿದಿರುತ್ತದೆ.

ಧಾಟಿ ಹೇಗಿದೆ ಅಂತ ತಿಳಿಯಲು ಗಟ್ಟಿಯಾಗಿ ಓದಿ. "ಈಗಾಗಲೇ ತಿಳಿಸಿರುವಂತೆ" ಅನ್ನುವುದು ಕಿವಿಗೆ ಬಿದ್ದಾಗ ಗದರಿದ ಹಾಗೆ ಕೇಳುತ್ತದೆ. ಅದನ್ನು ತೆಗೆದು "ಶುಕ್ರವಾರದೊಳಗೆ ಉತ್ತರ ಸಿಕ್ಕರೆ ಅನುಕೂಲ" ಅಂತ ನೇರವಾಗಿ ಕೇಳಿ.

ಕೊನೆಗೆ ವಿಳಾಸ. ಎರಡಕ್ಷರ ಟೈಪ್ ಮಾಡಿದೊಡನೆ ತಾನಾಗಿ ಬರುವ ಹೆಸರು ಅದೇ ಹೆಸರಿನ ಬೇರೆಯವರದ್ದಾಗಿರಬಹುದು, ಆದ್ದರಿಂದ @ ನಂತರದ ಭಾಗವನ್ನೂ ಓದಿ. ಫಾರ್ವರ್ಡ್ ಮಾಡುತ್ತಿದ್ದರೆ ಕೆಳಗಿನ ಹಳೆಯ ಮಾತುಕತೆಯನ್ನು ತಳದವರೆಗೂ ನೋಡಿ, "ಇಷ್ಟಕ್ಕೆ ಇಳಿಯಬಹುದು" ಅಂತ ನಿಮ್ಮವರು ತಮ್ಮತಮ್ಮಲ್ಲೇ ಆಡಿಕೊಂಡಿದ್ದು ಅಲ್ಲೇ ಇರುತ್ತದೆ.

ಜಿಮೇಲ್‌ನಲ್ಲಿ Undo Send ಸಮಯವನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡಿಗೆ ಏರಿಸಿಡಿ. ಔಟ್‌ಲುಕ್‌ನ ರೀಕಾಲ್ ನಿಮ್ಮ ಸಂಸ್ಥೆಯ ಒಳಗಷ್ಟೇ ಕೆಲಸ ಮಾಡುತ್ತದೆ, ಹೊರಗಿನ ಗ್ರಾಹಕರಿಗೆ ಹೋದದ್ದು ವಾಪಸ್ ಬರುವುದಿಲ್ಲ.