ನೆನೆಸಿದ ಉತ್ತುತ್ತೆ, ಒಣದ್ರಾಕ್ಷಿ: ತೂಕದ ಲೆಕ್ಕ ಹಾಕುವುದು ಹೀಗೆ

ರಾತ್ರಿ ನೆನೆಹಾಕಿದ ಒಣದ್ರಾಕ್ಷಿಯನ್ನು ಬೆಳಿಗ್ಗೆ ತಕ್ಕಡಿಗೆ ಹಾಕಿ, ಪ್ಯಾಕೆಟ್ ಮೇಲಿನ ಕ್ಯಾಲರಿಯಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ಯಾಕೆಟ್‌ನಲ್ಲಿರುವುದು 100 ಗ್ರಾಂ ಒಣಹಣ್ಣಿನ ಲೆಕ್ಕ, ತಕ್ಕಡಿಯಲ್ಲಿರುವುದು ಹಣ್ಣು ಮತ್ತು ಅದು ಹೀರಿಕೊಂಡ ನೀರು. ನೀರಿಗೆ ಕ್ಯಾಲರಿ ಇಲ್ಲ. ಹಾಗಾಗಿ ನೆನೆದ ಮೇಲೆ 100 ಗ್ರಾಂಗೆ ಸಿಗುವ ಸಕ್ಕರೆ ಕಡಿಮೆಯಾಗುತ್ತದೆ, ಆದರೆ ಒಂದು ಕಾಳಿನಲ್ಲಿರುವುದು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ನಿಮ್ಮ ಮನೆಯ ಹಣ್ಣಿಗೆ ನೀವೇ ಒಮ್ಮೆ ಗುಣಕ ಕಂಡುಹಿಡಿಯಬೇಕು. ಅಡುಗೆಮನೆಯ ತಕ್ಕಡಿ 1 ಗ್ರಾಂವರೆಗೆ ಮಾತ್ರ ತೋರಿಸುವುದರಿಂದ ಹತ್ತು ಕಾಳು ಇಟ್ಟು ನೋಡಿದರೆ ಪ್ರಯೋಜನವಿಲ್ಲ. 50 ಗ್ರಾಂ ಒಣದ್ರಾಕ್ಷಿ ತೂಗಿ, ಎಷ್ಟು ಕಾಳು ಇವೆಯೆಂದು ಎಣಿಸಿ ಬರೆದಿಡಿ. ಸಣ್ಣ ಜಾತಿಯದಾದರೆ ಸುಮಾರು 100 ಬರುತ್ತವೆ. ಬೇಗನೆ ಒಮ್ಮೆ ತೊಳೆದು, ಮುಳುಗುವಷ್ಟು ತಣ್ಣೀರು ಹಾಕಿ ಮುಚ್ಚಿಡಿ. ಬೆಂಗಳೂರಿನ ಏಪ್ರಿಲ್ ಸೆಖೆಯಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲಿಡುವುದೇ ಮೇಲು. ಹೊರಗೆ ಬಹಳ ಹೊತ್ತು ಬಿಟ್ಟರೆ ಹುದುಗು ಹಿಡಿಯುತ್ತದೆ. ನೀರಿನ ಮೇಲೆ ಸಣ್ಣ ಗುಳ್ಳೆ, ಹುಳಿ ವಾಸನೆ ಬಂದರೆ ಆ ಹಣ್ಣನ್ನು ಚೆಲ್ಲಿ, ಅದರ ತೂಕವನ್ನೂ ನಂಬಬೇಡಿ.

ಎಂಟು ಗಂಟೆಯ ನಂತರ ಜರಡಿಗೆ ಸುರಿದು ಐದು ನಿಮಿಷ ಬಿಡಿ, ಆಮೇಲೆ ಹತ್ತಿಬಟ್ಟೆಯ ಮೇಲೆ ಉರುಳಿಸಿ. ಈ ಹೆಜ್ಜೆಯನ್ನು ಬಿಟ್ಟರೆ ಮಡಿಕೆಗಳಲ್ಲಿ ನಿಂತ ನೀರೂ ತಕ್ಕಡಿಗೆ ಬರುತ್ತದೆ, ಗುಣಕ ದಿನಕ್ಕೊಂದಾಗುತ್ತದೆ. ಈಗಿನ ತೂಕ 84 ಗ್ರಾಂ ಎಂದುಕೊಳ್ಳಿ. 84ನ್ನು 50ರಿಂದ ಭಾಗಿಸಿದರೆ 1.68. ಇದೇ ಗುಣಕ. ನೆನೆದ ತೂಕವನ್ನು ಇದರಿಂದ ಭಾಗಿಸಿದರೆ ಒಣ ತೂಕ ಸಿಗುತ್ತದೆ.

ಒಣದ್ರಾಕ್ಷಿಯ 100 ಗ್ರಾಂಗೆ ಸುಮಾರು 300 ಕ್ಯಾಲರಿ, 79 ಗ್ರಾಂ ಕಾರ್ಬ್, 3 ಗ್ರಾಂ ಪ್ರೊಟೀನ್. ಬೆಳಿಗ್ಗೆ 25 ಗ್ರಾಂ ನೆನೆದದ್ದು ತಿಂದರೆ ಒಣ ತೂಕ 15 ಗ್ರಾಂ, ಅಂದರೆ 45 ಕ್ಯಾಲರಿ. ಭಾಗಿಸದೆ ಹಾಗೇ ಬರೆದಿದ್ದರೆ 75 ಆಗುತ್ತಿತ್ತು. ಕಾಳಿನ ಲೆಕ್ಕದಲ್ಲಿ ಒಣದ್ದಾದರೂ ನೆನೆದದ್ದಾದರೂ ಒಂದಕ್ಕೆ ಒಂದೂವರೆ ಕ್ಯಾಲರಿ, 0.4 ಗ್ರಾಂ ಕಾರ್ಬ್. ತೂಗುವ ಗೋಜು ಬೇಡವೆನ್ನುವವರು ಎಣಿಸಿಕೊಂಡರೆ ಸಾಕು.

ಉತ್ತುತ್ತೆಯಲ್ಲಿ ಬೀಜದ ಸಮಸ್ಯೆಯಿದೆ. ಪ್ಯಾಕೆಟ್ ಲೆಕ್ಕ ತಿರುಳಿನದು, ಆದರೆ ತೂಗುವುದು ಬೀಜಸಮೇತ. ಬೀಜ ಒದ್ದೆಯಿರುವಾಗ ತೂಗಿ ಕಳೆದರೂ ತಪ್ಪೇ, ಅದೂ ನೀರು ಹೀರಿರುತ್ತದೆ. ಹತ್ತು ಉತ್ತುತ್ತೆ ತೂಗಿ ನೆನೆಸಿ, ಬೀಜ ಬಿಡಿಸಿ, ತಿರುಳನ್ನು ಒರೆಸಿ ತೂಗಿ. ಬೀಜಗಳನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಬೇರೆ ತೂಗಿ. ಒಟ್ಟು 92 ಗ್ರಾಂ, ಒಣ ಬೀಜ 14 ಗ್ರಾಂ ಬಂದರೆ ಒಣ ತಿರುಳು 78 ಗ್ರಾಂ. ನೆನೆದ ತಿರುಳು 125 ಗ್ರಾಂ ಇದ್ದರೆ ಗುಣಕ 1.6. ಒಂದು ಉತ್ತುತ್ತೆಯಲ್ಲಿ 7.8 ಗ್ರಾಂ ಒಣ ತಿರುಳು. ಪ್ಯಾಕೆಟ್‌ನಲ್ಲಿ 100 ಗ್ರಾಂಗೆ 300 ಕ್ಯಾಲರಿ ಎಂದಿದ್ದರೆ ಒಂದಕ್ಕೆ 23 ಕ್ಯಾಲರಿ. ನೆನೆದ 12.5 ಗ್ರಾಂ ತಿರುಳನ್ನು ಒಣದ್ದೆಂದೇ ಹಾಕಿದರೆ 37 ದಾಟುತ್ತದೆ.

ಮೇಲೆ "ಹೆಚ್ಚುಕಡಿಮೆ" ಎಂದದ್ದಕ್ಕೆ ಕಾರಣ ನೆನೆಹಾಕಿದ ನೀರು. ಅದು ಕಂದುಬಣ್ಣಕ್ಕೆ ತಿರುಗಿ ಸಿಹಿಯಾಗುವುದು ಹಣ್ಣಿನ ಸಕ್ಕರೆ ಕರಗಿ ಬಂದುದರಿಂದ. ಆ ನೀರು ಕುಡಿಯುವವರು ಏನನ್ನೂ ಕಳೆಯಬೇಕಿಲ್ಲ. ಚೆಲ್ಲುವವರು ಒಮ್ಮೆ ಅಳೆದುಕೊಳ್ಳಲಿ: ಖಾಲಿ ಸ್ಟೀಲ್ ಬಟ್ಟಲನ್ನು ತೂಗಿ, ನೀರನ್ನು ಸೋಸಿ ಹಾಕಿ, ಸಣ್ಣ ಉರಿಯಲ್ಲಿ ಬತ್ತಿಸಿ. ತಳದಲ್ಲಿ ಅಂಟಾದ ಪಾಕ ಉಳಿಯುತ್ತದೆ, ಅದು ಸೀಯುವ ಮೊದಲೇ ಇಳಿಸಿ, ಆರಿದ ಮೇಲೆ ತೂಗಿ. ಪಾಕದಲ್ಲಿ ಸ್ವಲ್ಪ ನೀರಿದ್ದೇ ಇರುತ್ತದೆ, ಆದ್ದರಿಂದ ಈ ಅಳತೆ ಕೊಂಚ ಜಾಸ್ತಿಯೇ ಬರುತ್ತದೆ. 50 ಗ್ರಾಂ ಒಣದ್ರಾಕ್ಷಿಗೆ 3 ಗ್ರಾಂ ಪಾಕ ಸಿಕ್ಕರೆ, ಗ್ರಾಂಗೆ 4ರಂತೆ 12 ಕ್ಯಾಲರಿ ಹೋಗಿದೆ. 150 ಇದ್ದದ್ದು 138, ಅಂದರೆ ಕಾಳಿಗೆ 1.5 ಇದ್ದದ್ದು 1.4. ಕಳೆಯಬೇಕಾದದ್ದು ಕಾರ್ಬ್‌ನಲ್ಲಿ ಮಾತ್ರ. ಪ್ರೊಟೀನ್, ನಾರು ಬಹುಪಾಲು ಹಣ್ಣಿನಲ್ಲೇ ಉಳಿಯುತ್ತವೆ.

ಬಿಸಿನೀರು ಹಾಕಿದರೆ, ಹಣ್ಣನ್ನು ಹೆಚ್ಚಿ ನೆನೆಸಿದರೆ ಸಕ್ಕರೆ ಇನ್ನೂ ಹೆಚ್ಚು ಹೊರಬರುತ್ತದೆ. ಎರಡು ಗಂಟೆ ನೆನೆಸಿದ ಹಣ್ಣಿಗೆ ಎಂಟು ಗಂಟೆಯ ಗುಣಕ ಹೊಂದುವುದಿಲ್ಲ. ಹೊಸ ಪ್ಯಾಕೆಟ್ ಒಡೆದಾಗ ಕಾಳು ಮುಟ್ಟಿ ನೋಡಿ. ಹಿಂದಿನದಕ್ಕಿಂತ ಗಟ್ಟಿಯಾಗಿದ್ದರೆ ಅದು ಹೆಚ್ಚು ನೀರು ಕುಡಿಯುತ್ತದೆ, ಮತ್ತೆ 50 ಗ್ರಾಂ ತೂಗಿ ಗುಣಕ ತೆಗೆಯಿರಿ.